ಗೋಳಗುಮ್ಮಟದ ಮುಂದೆ ನಿಂತ ಅಜ್ಜ: ನಾಲ್ಕು ಫೋಟೋಗಳ ಒಂದು ಪ್ರಕರಣ

ಹೋದ ವರ್ಷ ಯುಗಾದಿ ಮುಗಿದ ಮರುವಾರ ನಿವೃತ್ತ ಮಾಸ್ತರೊಬ್ಬರು ವಿಜಯಪುರದ ನನ್ನ ಸ್ಟುಡಿಯೋಗೆ ಬಂದರು. ಕೈಯಲ್ಲಿ ಬಟ್ಟೆ ಚೀಲ, ಜೇಬಲ್ಲಿ ಫೋನು. ಮನೆಯವರೆಲ್ಲ ಸೇರಿ ತಂದೆ ತಾಯಿಯ ನೆನಪಿಗೆ ಒಂದು ಪುಸ್ತಕ ಮಾಡಿಸುತ್ತಿದ್ದರು. ಮುಖಪುಟಕ್ಕೆ ಒಂದು ಹಳೆಯ ಫೋಟೋ ಬೇಕಿತ್ತು. ಅದನ್ನು ದೊಡ್ಡದು ಮಾಡಿ, ಕಲೆಗಳನ್ನು ತೆಗೆದು ಕೊಡಬೇಕು. ಕೆಲಸ ಅಂದರೆ ಇಷ್ಟೇ.

ಮಾಸ್ತರು ಮೊದಲು ಫೋನ್ ತೆಗೆದರು. ಅದರಲ್ಲಿ ಕಂದು ಬಣ್ಣಕ್ಕೆ ತಿರುಗಿದ ಒಂದು ಫೋಟೋ. ಗೋಳಗುಮ್ಮಟದ ಮುಂದೆ ಅವರ ತಂದೆ ತಾಯಿ ನಿಂತಿದ್ದಾರೆ. ತಂದೆಗೆ ರುಮಾಲು, ಕೋಟು. ತಾಯಿ ತಲೆ ಮೇಲೆ ಸೆರಗು ಹೊದ್ದಿದ್ದಾರೆ. ಫೋಟೋ ತುಂಬ ಗೀರುಗಳು. ಬಲಗಡೆಯ ಮೂಲೆ ಹರಿದಿದೆ. ಇಡೀ ಚಿತ್ರದ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ಗ್ರೇನ್. ಎರಡನೆಯದೂ ಫೋನಿನಲ್ಲೇ ಇತ್ತು. ಅದೇ ದಂಪತಿ, ಜೊತೆಗೊಂದು ಪುಟ್ಟ ಹುಡುಗಿ, ಪೂರ್ತಿ ಬಣ್ಣದಲ್ಲಿ. ಮೂರನೆಯದನ್ನು ಚೀಲದಿಂದ ತೆಗೆದರು. ದಪ್ಪ ರಟ್ಟಿಗೆ ಅಂಟಿಸಿದ ಕಪ್ಪು ಬಿಳುಪಿನ ಫೋಟೋ. ತಂದೆ ಕುರ್ಚಿಯ ಮೇಲೆ ಕೂತಿದ್ದಾರೆ, ತಾಯಿ ಪಕ್ಕದಲ್ಲಿ ನಿಂತಿದ್ದಾರೆ, ಸ್ಟೂಲಿನ ಮೇಲೆ ಆ ಹುಡುಗಿ. ಹಿಂದೆ ಸ್ಟುಡಿಯೋದ ಬಣ್ಣ ಬಳಿದ ಪರದೆ.

"ಮೊದಲನೇದೇ ಮುಖಪುಟಕ್ಕ ಇರಲಿ ಅಂತ ಎಲ್ಲಾರೂ ಅಂತಾರ್ರೀ," ಎಂದರು ಮಾಸ್ತರು. "ನೋಡ್ರಿ, ಎಷ್ಟ ಕಾಳು ಕಾಳು ಕಾಣ್ತದ. ಅಸಲಿ ಹಳೇದು ಅದು. ಈ ರಟ್ಟಿನದು ಭಾಳ ಸ್ವಚ್ಛ ಐತಿ. ಯಾರೋ ಈಚೆಗೆ ಕಂಪ್ಯೂಟರನ್ಯಾಗ ತಿದ್ದಿ ತೆಗೆಸ್ಯಾರ ಅನಸ್ತದ."

ನಾನು ರಟ್ಟಿನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ. ಅಂಚಿನ ಕಪ್ಪು ಭಾಗಗಳಲ್ಲಿ ನೀಲಿ ಛಾಯೆಯ ಬೆಳ್ಳಿ ಹೊಳಪು ಮಿಂಚಿ ಹೋಯಿತು. ಮಾಸ್ತರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಇರಬಹುದು ಅಂತ ಅಲ್ಲೇ ಅನಿಸಿತು. ಆದರೆ ಅನಿಸಿದ್ದನ್ನು ಹೇಳಿ ಮುಗಿಸುವ ವಿಷಯ ಇದಲ್ಲ. ಮನೆಯ ನೆನಪು ಇದು. ಎರಡು ದಿನ ಕೊಡಿ ಎಂದೆ.

ಗ್ರೇನ್ ಎಲ್ಲಿಂದ ಬರುತ್ತದೆ

ನಾನು ಕೆಲಸ ಕಲಿತದ್ದು ಡಾರ್ಕ್‌ರೂಮಿನಲ್ಲಿ. ಕೆಂಪು ದೀಪದ ಕೆಳಗೆ ಡೆವಲಪರ್ ಟ್ರೇಯಲ್ಲಿ ಮುಖಗಳು ಮೂಡುವುದನ್ನು ನೋಡುತ್ತಾ ಕಲಿತೆ. ಹಾಗಾಗಿ ಗ್ರೇನ್ ನನಗೆ ಒಂದು ಅಲಂಕಾರ ಅಲ್ಲ. ಅದು ಬೆಳ್ಳಿ. ಫಿಲ್ಮಿನ ಮೇಲೆ ಜೆಲಟಿನ್ನಿನ ತೆಳು ಪದರ ಇರುತ್ತದೆ. ಅದರೊಳಗೆ ಬೆಳ್ಳಿ ಬ್ರೋಮೈಡಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಇರುತ್ತವೆ. ಬೆಳಕು ತಾಗಿದ ಹರಳು ಡೆವಲಪರಿನಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. ಈ ಬೆಳ್ಳಿಯ ಗುಂಪುಗಳೇ ಗ್ರೇನ್.

ಒಂದು ಗುಂಪು ಎಷ್ಟು ಸಣ್ಣದು ಅಂದರೆ, ನೆಗೆಟಿವನ್ನು ಅದರ ಅಳತೆಯಲ್ಲೇ ನೋಡಿದರೆ ಅದು ಕಾಣುವುದೇ ಇಲ್ಲ. ನೆಗೆಟಿವನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿದಾಗ ಮಾತ್ರ ಕಾಣುತ್ತದೆ. 35 ಎಂಎಂ ಫಿಲ್ಮಿನ ಒಂದು ಫ್ರೇಮ್ 24 × 36 ಮಿಲಿಮೀಟರ್. ಅದರಿಂದ ಎಂಟು ಇಂಚು ಉದ್ದದ ಪ್ರಿಂಟ್ ಮಾಡಿದರೆ ಸುಮಾರು ಐದೂವರೆ ಪಟ್ಟು ಹಿಗ್ಗಿಸಿದ ಹಾಗೆ. ಬೆಳ್ಳಿಯ ಗುಂಪುಗಳೂ ಅಷ್ಟೇ ಹಿಗ್ಗುತ್ತವೆ. ಆಗ ಕಣ್ಣಿಗೆ ರವೆಯ ಹಾಗೆ ಕಾಣುತ್ತವೆ.

ಆದರೆ ಆ ಕಾಲದ ಊರಿನ ಸ್ಟುಡಿಯೋದಲ್ಲಿ ದೊಡ್ಡ ಮರದ ಕ್ಯಾಮೆರಾ, ಅದರೊಳಗೆ ಗಾಜಿನ ಪ್ಲೇಟು. ಹಾಫ್ ಪ್ಲೇಟ್ ಅಂದರೆ 4¾ × 6½ ಇಂಚಿನ ಗಾಜು. ಅದನ್ನು ಹಿಗ್ಗಿಸುವ ಗೋಜೇ ಇರಲಿಲ್ಲ. ಗಾಜನ್ನು ನೇರವಾಗಿ ಪೇಪರಿನ ಮೇಲೆ ಒತ್ತಿಟ್ಟು ಬೆಳಕು ಕೊಡುತ್ತಿದ್ದರು. ಅದಕ್ಕೆ ಕಾಂಟ್ಯಾಕ್ಟ್ ಪ್ರಿಂಟ್ ಅಂತ ಹೆಸರು. ಹಿಗ್ಗಿಸಿಲ್ಲ ಅಂದಮೇಲೆ ಗ್ರೇನ್ ಕಾಣುವ ಮಾತೇ ಇಲ್ಲ.

ರಟ್ಟಿನ ಫೋಟೋವನ್ನು ಸ್ಕೇಲಿನಿಂದ ಅಳೆದೆ. ಚಿತ್ರದ ಭಾಗ ಸರಿಯಾಗಿ 4¾ × 6½ ಇಂಚಿಗೆ ಕೂದಲೆಳೆ ಕಡಿಮೆ. ಎರಡು ಬದಿಯಲ್ಲಿ ಸೊಟ್ಟ ಸೊಟ್ಟ ಕಪ್ಪು ಗೆರೆ. ಪ್ಲೇಟಿನ ಅಂಚನ್ನು ಹೋಲ್ಡರ್ ಮುಚ್ಚಿಕೊಂಡಿರುತ್ತದೆ. ಅಲ್ಲಿ ಬೆಳಕು ಬೀಳುವುದಿಲ್ಲ, ಗಾಜು ಬರಿದಾಗಿ ಉಳಿಯುತ್ತದೆ, ಪ್ರಿಂಟಿನಲ್ಲಿ ಅದು ಕಪ್ಪಾಗಿ ಬರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಅನ್ನುವ ಭೂತಗನ್ನಡಿ ಇಟ್ಟು ತಂದೆಯ ಮೀಸೆ ನೋಡಿದೆ. ಒಂದೊಂದು ಕೂದಲೂ ಬೇರೆ ಬೇರೆ. ಗ್ರೇನ್ ಇಲ್ಲ. ಮಾಸ್ತರಿಗೆ "ಭಾಳ ಸ್ವಚ್ಛ" ಅನಿಸಿದ್ದು ಇದೇ ಕಾರಣಕ್ಕೆ. ಆ ಸ್ವಚ್ಛತೆ ಕಂಪ್ಯೂಟರಿನದಲ್ಲ, ದೊಡ್ಡ ಗಾಜಿನದು.

ಲೂಪಿನಲ್ಲಿ ಇನ್ನೊಂದನ್ನು ನೋಡಲೇಬೇಕು. ಇದು ಫೋಟೋನಾ, ಅಥವಾ ಪ್ರಿಂಟರಿನಿಂದ ಬಂದ ಕಾಗದವಾ? ಇಂಕ್‌ಜೆಟ್ ಪ್ರಿಂಟಿನಲ್ಲಿ ಬೂದು ಭಾಗದಲ್ಲೂ ಬಣ್ಣಬಣ್ಣದ ಚುಕ್ಕಿ ಕಾಣುತ್ತವೆ. ಪ್ರೆಸ್ಸಿನಲ್ಲಿ ಅಚ್ಚಾದ ಚಿತ್ರದಲ್ಲಿ ಚುಕ್ಕಿಗಳು ಸಾಲು ಹಿಡಿದು ನಿಂತಿರುತ್ತವೆ. ಇಲ್ಲಿ ಎರಡೂ ಇರಲಿಲ್ಲ. ಕಪ್ಪಿನಿಂದ ಬಿಳಿಗೆ ನುಣ್ಣಗೆ ಹರಿದು ಹೋಗಿತ್ತು.

ಓರೆ ಬೆಳಕಿನಲ್ಲಿ ಕಂಡ ಬೆಳ್ಳಿ ಹೊಳಪಿನ ಬಗ್ಗೆಯೂ ಹೇಳಬೇಕು. ವರ್ಷಗಟ್ಟಲೆ ಗಾಳಿ, ತೇವ ತಾಗಿ ಚಿತ್ರದೊಳಗಿನ ಬೆಳ್ಳಿ ನಿಧಾನಕ್ಕೆ ಮೇಲಕ್ಕೆ ಬಂದು ಕನ್ನಡಿಯ ಹಾಗೆ ಕೂರುತ್ತದೆ. ಕಪ್ಪು ಜಾಸ್ತಿ ಇರುವ ಕಡೆ, ಅಂಚುಗಳಲ್ಲಿ ಮೊದಲು ಕಾಣುತ್ತದೆ. ಫೋಟೋವನ್ನು ಕೈಯಲ್ಲಿ ಹಿಡಿದು ವಾಲಿಸಿದರೆ ಮಾತ್ರ ಇದು ತಿಳಿಯುತ್ತದೆ. ಫೋನಿನಲ್ಲಿ ತೆಗೆದ ಪ್ರತಿಯಲ್ಲಿ ಇದು ಬರೀ ಮಬ್ಬಾಗಿ ಕಾಣುತ್ತದೆ. ಹಳೆಯ ಫೋಟೋ ಅಸಲಿನಾ ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿ ಕೇಳಿದರೆ, ಅಸಲು ಕಾಗದ ತನ್ನಿ ಅಂತ ನಾನು ಹೇಳುವುದು ಇದಕ್ಕೇ.

ನಾಲ್ಕನೆಯ ಫೋಟೋ, ಮತ್ತು ನನ್ನ ತಪ್ಪು

ಮರುದಿನ ಮಾಸ್ತರು ಇನ್ನೊಂದು ಫೋಟೋ ತಂದರು. ಬೆಳಗಾವಿಯಲ್ಲಿರುವ ತಮ್ಮನ ಮನೆಯಲ್ಲಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದು. ರಾತ್ರಿ ಬಸ್ಸಿಗೆ ಹೊರಟ ಸಂಬಂಧಿಕರ ಕೈಯಲ್ಲಿ ಕಳಿಸಿದ್ದರು. ಚಿತ್ರ ಅದೇ, ಕುರ್ಚಿ, ಸ್ಟೂಲು, ಪರದೆ. ಅಳತೆ ಆರು ಎಂಟು ಇಂಚು. ಆದರೆ ಇದರಲ್ಲಿ ಗ್ರೇನ್ ಎದ್ದು ಕಾಣುತ್ತಿತ್ತು. ಗೀರುಗಳ ಮೇಲೂ ಗ್ರೇನ್, ರಟ್ಟಿನ ಅಂಚಿನ ಮೇಲೂ ಗ್ರೇನ್. ತಂದೆಯ ಕೋಟಿನ ಮೇಲೆ ಬಿಳಿ ಕೂದಲಿನಂಥ ಒಂದು ಸೊಟ್ಟ ಗೆರೆ ಬೇರೆ. ರಟ್ಟಿನ ಫೋಟೋದಲ್ಲಿ ಆ ಗೆರೆ ಇಲ್ಲ.

ಪಕ್ಕದ ಬಟ್ಟೆ ಅಂಗಡಿಯಲ್ಲಿ ನೋಟು ನೋಡುವ ನೇರಳೆ ಬೆಳಕಿನ ಯಂತ್ರ ಇದೆ. ಎರಡೂ ಫೋಟೋ ಅಲ್ಲಿಗೆ ಒಯ್ದೆ. 1950ರ ದಶಕದಿಂದ ಫೋಟೋ ಪೇಪರುಗಳಿಗೆ ಬೆಳ್ಳಗೆ ಕಾಣಲಿ ಅಂತ ಒಂದು ಹೊಳಪಿನ ರಾಸಾಯನಿಕ ಹಾಕಲು ಶುರು ಮಾಡಿದರು. ಆ ಬೆಳಕಿನಲ್ಲಿ ಅದು ತಿಳಿ ನೀಲಿಯಾಗಿ ಬೆಳಗುತ್ತದೆ. ರಟ್ಟಿನ ಫೋಟೋ ಮಂಕಾಗಿಯೇ ಉಳಿಯಿತು. ಬೆಳಗಾವಿಯದು ಬೆಳಗಿತು.

ಹೊಸ ಪೇಪರು, ಗೀರಿನ ಮೇಲೆ ಕೂತ ಗ್ರೇನ್, ಅಸಲಿನಲ್ಲಿ ಇಲ್ಲದ ಗೆರೆ. ನಾನು ಆತುರಪಟ್ಟೆ. ಇದನ್ನು ಯಾರೋ ಕಂಪ್ಯೂಟರಿನಲ್ಲಿ ಹಳೆಯದರ ಹಾಗೆ ಮಾಡಿ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿದ್ದಾರೆ ಅಂತ ಮಾಸ್ತರಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಅವರು ಸುಮ್ಮನಾದರು. ಆಮೇಲೆ, "ಹಂಗ ಆಗೂದಿಲ್ರೀ. ಅಪ್ಪ ತೀರಿಕೊಂಡಾಗ ನಾನೇ ಮಾಡ್ಸಿದ್ದು. ಎಪ್ಪತ್ತೆಂಟನೇ ಇಸವಿ. ಮಾಲಿ ಹಾಕಾಕ ಬೇಕಿತ್ತು," ಎಂದರು.

ಕಟ್ಟಿನ ಹಿಂದಿನ ಮೊಳೆ ಬಿಚ್ಚಿ ಫೋಟೋ ತೆಗೆದೆ. ಹಿಂದೆ ಪೆನ್ಸಿಲಿನಲ್ಲಿ 78 ಅಂತ ಇತ್ತು. ಆಗ ಎಲ್ಲ ಸರಿಯಾಗಿ ಕೂತಿತು. 1978ರಲ್ಲಿ ಯಾವುದೋ ಸ್ಟುಡಿಯೋದವರು ರಟ್ಟಿನ ಫೋಟೋವನ್ನು ಮೇಜಿನ ಮೇಲಿಟ್ಟು 35 ಎಂಎಂ ಫಿಲ್ಮಿನಲ್ಲಿ ಅದರ ಫೋಟೋ ತೆಗೆದಿದ್ದಾರೆ. ಆ ಸಣ್ಣ ನೆಗೆಟಿವನ್ನು ಹಿಗ್ಗಿಸಿ ಪ್ರಿಂಟ್ ಮಾಡಿದ್ದಾರೆ. ನಮ್ಮ ಕೆಲಸದಲ್ಲಿ ಇದಕ್ಕೆ ಕಾಪಿ ಅನ್ನುತ್ತೇವೆ. ನಾನೂ ನೂರಾರು ಮಾಡಿದ್ದೇನೆ. ಗ್ರೇನ್ ಬಂದದ್ದು 1978ರ ಫಿಲ್ಮಿನಿಂದ. ಅಷ್ಟು ಹೊತ್ತಿಗೆ ಗೀರುಗಳು ಆಗಲೇ ಇದ್ದವು. ಹಾಗಾಗಿ ಗ್ರೇನ್ ಅವುಗಳ ಮೇಲೂ ಕೂತಿದೆ. ಬಿಳಿ ಗೆರೆ ನೆಗೆಟಿವಿನ ಮೇಲೆ ಕೂತ ಧೂಳಿನ ಎಳೆ. ಎನ್‌ಲಾರ್ಜರಿನಲ್ಲಿ ಅದು ಬೆಳಕನ್ನು ತಡೆದು ಪೇಪರಿನ ಮೇಲೆ ಬಿಳಿ ಬಿಟ್ಟಿದೆ.

ನಾನು ಹೇಳಿದ್ದು ತಪ್ಪಾಯಿತು ಅಂತ ಅವರಿಗೆ ಆಗಲೇ ಫೋನ್ ಮಾಡಿ ಹೇಳಿದೆ. ತಂದೆಗೆ ಮಾಲೆ ಹಾಕಿದ ಫೋಟೋವನ್ನು ಸುಳ್ಳು ಅಂದಿದ್ದೆ. ಅದು ಚುಚ್ಚುತ್ತಲೇ ಇತ್ತು.

ಈ ತಪ್ಪಿನಿಂದ ಒಂದು ವಿಷಯ ಚೊಕ್ಕವಾಗಿ ತಿಳಿಯಿತು. ಗೀರಿನ ಮೇಲೆ ಗ್ರೇನ್ ಕೂತಿದ್ದರೆ, ಗೀರು ಮೊದಲು, ಗ್ರೇನ್ ಆಮೇಲೆ. ಅಷ್ಟು ಮಾತ್ರ ಗೊತ್ತಾಗುತ್ತದೆ. ಆ ಗ್ರೇನ್ ಕಾಪಿ ತೆಗೆದ ಫಿಲ್ಮಿನದೂ ಇರಬಹುದು, ಕಂಪ್ಯೂಟರಿನಲ್ಲಿ ಚೆಲ್ಲಿದ್ದೂ ಇರಬಹುದು. ಎರಡನ್ನು ಬೇರೆ ಮಾಡಲು ಇನ್ನೊಂದು ಪರೀಕ್ಷೆ ಬೇಕು.

ಗ್ರೇನ್ ಎಲ್ಲೆಲ್ಲಿ ಇದೆ ಅಂತ ಅಳೆದದ್ದು

ಫಿಲ್ಮಿನ ಗ್ರೇನ್ ಚಿತ್ರದ ಮೇಲೆ ಹೊದಿಸಿದ ಬಟ್ಟೆ ಅಲ್ಲ. ಚಿತ್ರ ಆಗಿರುವುದೇ ಅದರಿಂದ. ಹಾಗಾಗಿ ಚಿತ್ರದ ಕಪ್ಪು ಬಿಳುಪಿನ ಜೊತೆ ಅದೂ ಬದಲಾಗುತ್ತದೆ. ಪ್ರಿಂಟಿನಲ್ಲಿ ನಡುಬೂದು ಭಾಗದಲ್ಲಿ ಅದು ಜಾಸ್ತಿ ಕಾಣುತ್ತದೆ. ಕೆನ್ನೆ, ಪರದೆ, ನೆರಳಿನ ಗೋಡೆ ಇಂಥ ಕಡೆ. ಪೂರ್ತಿ ಕಪ್ಪಾದ ಕಡೆ ಪೇಪರು ಇನ್ನು ಕಪ್ಪಾಗಲು ಸಾಧ್ಯವಿಲ್ಲ, ಅಲ್ಲಿ ಗ್ರೇನ್ ಮುಳುಗಿ ಹೋಗುತ್ತದೆ. ಬೆಳ್ಳನೆಯ ಕಡೆ ಪೇಪರೇ ಉಳಿಯುತ್ತದೆ, ಅಲ್ಲೂ ತೀರ ಕಡಿಮೆ.

ಬೆಳಗಾವಿಯ ಪ್ರಿಂಟನ್ನು ಸ್ಕ್ಯಾನ್ ಮಾಡಿ GIMP ಸಾಫ್ಟ್‌ವೇರಿನಲ್ಲಿ ತೆರೆದೆ. ಅದರ Histogram ಕಿಟಕಿಯಲ್ಲಿ Std dev ಅಂತ ಒಂದು ಅಂಕಿ ಬರುತ್ತದೆ. ಆರಿಸಿದ ಜಾಗದಲ್ಲಿ ಚುಕ್ಕಿಗಳ ಏರಿಳಿತ ಎಷ್ಟು ಅಂತ ಅದು ಹೇಳುತ್ತದೆ. ಯಾವ ವಿವರವೂ ಇಲ್ಲದ, ಸಮನಾದ ಸಣ್ಣ ಜಾಗವನ್ನೇ ಆರಿಸಬೇಕು. ಮಡಿಕೆ, ಹೂವು, ಗೆರೆ ಇದ್ದರೆ ಅಂಕಿ ಕೆಡುತ್ತದೆ. ತಂದೆಯ ಧೋತರದ ಬೆಳ್ಳನೆಯ ಭಾಗದಲ್ಲಿ 3 ಬಂತು. ಪರದೆಯ ನಡುಬೂದು ಭಾಗದಲ್ಲಿ 8. ಕುರ್ಚಿಯ ಕೆಳಗಿನ ಕಗ್ಗತ್ತಲಲ್ಲಿ 3.

ಆಮೇಲೆ ಫೋನಿನಲ್ಲಿದ್ದ ಗೋಳಗುಮ್ಮಟದ ಚಿತ್ರ. ಆಕಾಶದಲ್ಲಿ 10. ಗೋಡೆಯಲ್ಲಿ 10. ಕಮಾನಿನ ಒಳಗಿನ ಕತ್ತಲಲ್ಲಿ 9. ಬಿಳಿ ಅಂಚಿನಲ್ಲಿ 10. ಮೂಲೆ ಹರಿದಿತ್ತು ಅಂದೆನಲ್ಲ, ಆ ಹರಿದ ಜಾಗದ ಆಚೆ, ಅಂದರೆ ಫೋಟೋ ಪೇಪರೇ ಇಲ್ಲದ ಕಡೆಯೂ 10. ಒಂದೇ ಹದದಲ್ಲಿ ಎಲ್ಲ ಕಡೆ ರವೆ ಚೆಲ್ಲಿದ್ದರು.

ಈ ಪರೀಕ್ಷೆಯ ಮಿತಿಯನ್ನೂ ಹೇಳುತ್ತೇನೆ. ಇದು ಒರಟು ನಕಲನ್ನು ಮಾತ್ರ ಹಿಡಿಯುತ್ತದೆ. ನಡುಬೂದಿನಲ್ಲಿ ಜಾಸ್ತಿ, ಕಪ್ಪು ಬಿಳುಪಿನಲ್ಲಿ ಕಡಿಮೆ ಗ್ರೇನ್ ಹಾಕುವ ಸಾಫ್ಟ್‌ವೇರುಗಳೂ ಇವೆ. ಅವು ಇಲ್ಲಿ ಸುಲಭವಾಗಿ ಪಾಸಾಗುತ್ತವೆ. ಅತ್ತ ಅಸಲಿ ಫೋಟೋವೂ ಫೇಲಾಗಬಹುದು. ವಾಟ್ಸಾಪು ಚಿತ್ರವನ್ನು ಚಿಕ್ಕದು ಮಾಡಿ ಒತ್ತಿ ಕಳಿಸುತ್ತದೆ, ಆಗ ಸಣ್ಣ ಗ್ರೇನ್ ಅಳಿಸಿಹೋಗುತ್ತದೆ. ಮಂದ ಬೆಳಕಿನಲ್ಲಿ ಫೋನಿನಿಂದ ತೆಗೆದ ಪ್ರತಿಯಲ್ಲಿ ಫೋನಿನದೇ ಚುಕ್ಕಿಗಳು ಸೇರುತ್ತವೆ. ಅವುಗಳನ್ನು ಗುರುತಿಸುವುದು ಕಷ್ಟವಲ್ಲ, ದೊಡ್ಡದು ಮಾಡಿ ನೋಡಿದರೆ ಕೆಂಪು ಹಸಿರು ಛಾಯೆ ಇರುತ್ತದೆ. ಕಪ್ಪು ಬಿಳುಪು ಫಿಲ್ಮಿನ ಗ್ರೇನಿಗೆ ಬಣ್ಣ ಇರುವುದಿಲ್ಲ. ಆದರೂ ಗ್ರೇನ್ ಒಂದನ್ನೇ ನಂಬಿ ತೀರ್ಪು ಕೊಡಬಾರದು ಅಂತ ಅನಿಸಿತು. ಹಾಗಾಗಿ ಚಿತ್ರದಲ್ಲಿ ಏನಿದೆ ಅಂತ ನೋಡಿದೆ.

ಗೋಳಗುಮ್ಮಟ ನಮಗೆ ಗೊತ್ತಿಲ್ಲವೇ

ಈ ಊರಿನವನಾಗಿ ಇದನ್ನೇ ಮೊದಲು ನೋಡಬೇಕಿತ್ತು. ಗೋಳಗುಮ್ಮಟದ ನಾಲ್ಕು ಮೂಲೆಗೂ ಒಂದೊಂದು ಎಂಟು ಮೂಲೆಯ ಗೋಪುರ ಇದೆ. ಒಂದೊಂದಕ್ಕೂ ಏಳು ಅಂತಸ್ತು. ಪ್ರತಿ ಅಂತಸ್ತಿಗೆ ಕಮಾನಿನ ಕಿಟಕಿಗಳು, ತುದಿಯಲ್ಲಿ ಒಂದು ಪುಟ್ಟ ಗುಮ್ಮಟ. ಒಳಗಿನ ಮೆಟ್ಟಿಲು ಹತ್ತಿಯೇ ನಾವೆಲ್ಲ ಪಿಸುಮಾತಿನ ಗ್ಯಾಲರಿಗೆ ಹೋಗುವುದು. ಶಾಲೆಯ ಮಕ್ಕಳೂ ಹತ್ತುತ್ತಾ ಏಳು ಎಣಿಸುತ್ತಾರೆ.

ಫೋನಿನ ಚಿತ್ರದಲ್ಲಿ ಎಡಗಡೆಯ ಗೋಪುರಕ್ಕೆ ಆರು ಅಂತಸ್ತು. ಬಲಗಡೆಯದಕ್ಕೆ ಐದು, ಅದೂ ಮೇಲಕ್ಕೆ ಹೋದ ಹಾಗೆ ಕಿಟಕಿಗಳು ಒಂದರೊಳಗೊಂದು ಕರಗಿದ್ದವು. ನಮ್ಮ ಗುಮ್ಮಟ ಅರ್ಧ ಗೋಳ, ಬುಡದಲ್ಲಿ ದಳಗಳ ಸಾಲಿನಿಂದ ಎದ್ದ ಹಾಗಿದೆ. ಚಿತ್ರದಲ್ಲಿ ಅದು ಈರುಳ್ಳಿಯ ಹಾಗೆ ನಡುವಲ್ಲಿ ಉಬ್ಬಿ ಮೇಲೆ ಚೂಪಾಗಿತ್ತು. ಕಂಪ್ಯೂಟರು "ಹಳೆಯ ದೊಡ್ಡ ಗುಮ್ಮಟ" ಅನ್ನುವುದನ್ನು ಬಿಡಿಸಿತ್ತು, ವಿಜಯಪುರದ ಗುಮ್ಮಟವನ್ನಲ್ಲ.

ಈ ಹೋಲಿಕೆಗೆ ನಮ್ಮಲ್ಲಿ ಆಧಾರ ಚೆನ್ನಾಗಿದೆ. ಬಿಜಾಪುರದ ಕಟ್ಟಡಗಳ ಫೋಟೋಗಳಿರುವ ದೊಡ್ಡ ಪುಸ್ತಕ 1866ರಲ್ಲೇ ಬಂದಿದೆ. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಆಮೇಲೆ ಇಲ್ಲಿ ಸರ್ವೇ ಮಾಡಿದರು. ಕಟ್ಟಡವೇ ಕಣ್ಣ ಮುಂದಿದೆ. ಹಳೆಯದು ಅನ್ನುವ ಚಿತ್ರದಲ್ಲಿ ಗಿಡ, ರಸ್ತೆ, ಕಾಂಪೌಂಡು ಬೇರೆ ಇರಬಹುದು. ಕಲ್ಲಿನ ಅಂತಸ್ತುಗಳ ಲೆಕ್ಕ ಬೇರೆ ಆಗಲಾರದು.

ಗೀರುಗಳಲ್ಲೂ ಒಂದು ವಿಚಿತ್ರ ಇತ್ತು. ಹನ್ನೆರಡು ಉದ್ದ ಗೀರು ಎಣಿಸಿದೆ. ಒಂದೂ ಮುಖದ ಮೇಲೆ ಹಾದಿಲ್ಲ. ರಟ್ಟಿನ ಅಸಲು ಫೋಟೋದಲ್ಲಿ ತಾಯಿಯ ಹಣೆಯಿಂದ ಗಲ್ಲದ ತನಕ ಒಂದು ಬಿರುಕು ಇದೆ. ಬಿರುಕಿನ ನಡುವೆ ಕಾಗದದ ಬಿಳಿ ನಾರು ಕಾಣುತ್ತದೆ. ಟ್ರಂಕಿನಲ್ಲಿ ಸಿಕ್ಕಿಕೊಂಡ ಕಾಗದಕ್ಕೆ ಮುಖ ಯಾವುದು, ಪರದೆ ಯಾವುದು ಅಂತ ಗೊತ್ತಿರುವುದಿಲ್ಲ.

ಬಣ್ಣದ ಫೋಟೋ ಮತ್ತು ಕೌದಿ

ಎರಡನೆಯ ಫೋಟೋ, ಬಣ್ಣದ್ದು, ಸುಳ್ಳು ಅನ್ನಲು ನನಗೆ ಮನಸ್ಸಿರಲಿಲ್ಲ. ಅದರಲ್ಲಿರುವುದು ಅದೇ ಜನ, ಅದೇ ಕುರ್ಚಿ. ಅಂಗಡಿಯಲ್ಲಿ ಕೈಯಿಂದ ಬಣ್ಣ ಹಾಕಿಸುವ ಪದ್ಧತಿಯೂ ನಮ್ಮಲ್ಲಿ ಇತ್ತು. ಹಾಗೆ ಮಾಡಿದ್ದಾದರೆ ಅದೂ ಒಂದು ಅಸಲಿ ಹಳೆಯ ವಸ್ತುವೇ. ಕುಂಚದ ಹೊಡೆತ, ಗೆರೆ ದಾಟಿದ ಬಣ್ಣ ಲೂಪಿನಲ್ಲಿ ಕಾಣುತ್ತದೆ. ಆದರೆ ಇಲ್ಲಿ ಕಾಗದವೇ ಇರಲಿಲ್ಲ, ಫೋನಿನಲ್ಲಿ ಬಂದ ಫೈಲ್ ಮಾತ್ರ.

ಅದರ ಬಣ್ಣ ತೆಗೆದು ಬೂದು ಮಾಡಿದೆ. ಬೆಳಗಾವಿಯ ಪ್ರಿಂಟಿನ ಸ್ಕ್ಯಾನ್ ಮೇಲೆ ಅದೇ ಅಳತೆಗೆ ಕೂರಿಸಿ, GIMPನಲ್ಲಿ Difference ಹಾಕಿದೆ. ಎರಡು ಚಿತ್ರ ಎಲ್ಲಿ ಒಂದೇ ಇವೆಯೋ ಅಲ್ಲಿ ಕಂಪ್ಯೂಟರಿನ ಪರದೆ ಕಪ್ಪಾಗುತ್ತದೆ. ಬಹುಪಾಲು ಕಪ್ಪಾಯಿತು. ಬಣ್ಣ ಹಾಕುವ ಆ್ಯಪುಗಳು ಸಾಮಾನ್ಯವಾಗಿ ಚಿತ್ರದ ಬೆಳಕು ಕತ್ತಲನ್ನು ಹಾಗೇ ಇಟ್ಟುಕೊಂಡು ಬಣ್ಣವನ್ನು ಮಾತ್ರ ಊಹಿಸಿ ಹಾಕುತ್ತವೆ, ಅದಕ್ಕೇ ಹೀಗೆ. ಕೋಟಿನ ಮೇಲಿನ ಆ ಬಿಳಿ ಎಳೆ ಬಣ್ಣದ ಫೋಟೋದಲ್ಲೂ ಅಲ್ಲೇ ಇತ್ತು, ಕೋಟಿನ ಕಂದು ಬಳಿದುಕೊಂಡು. ಅಂದರೆ ಬಣ್ಣದ ಫೋಟೋ ಹುಟ್ಟಿದ್ದು ರಟ್ಟಿನ ಅಸಲಿನಿಂದ ಅಲ್ಲ, 1978ರ ಕಾಪಿಯಿಂದ. ಕಪ್ಪಾಗದೆ ಉಳಿದದ್ದು ಮೂರು ಮುಖಗಳು ಮತ್ತು ಹುಡುಗಿಯ ಬಲಗೈ. ಅವುಗಳನ್ನು ಆ್ಯಪು ಹೊಸದಾಗಿ ಬಿಡಿಸಿತ್ತು.

ಬಣ್ಣಗಳ ಬಗ್ಗೆ ತಿಳಿದದ್ದು ಮಾಸ್ತರ ಅಕ್ಕನಿಂದ. ಸ್ಟೂಲಿನ ಮೇಲಿನ ಹುಡುಗಿ ಅವರೇ. ಈಗ ತೊಂಬತ್ತು ವರ್ಷ. ಫೋಟೋ ತೆಗೆದಾಗ ಮೂರು ವರ್ಷ ಅಂತ ಮನೆಯವರ ಲೆಕ್ಕ. ಹಾಗಾದರೆ 1938ರ ಆಸುಪಾಸು. ನಾನು ಅವರ ಮನೆಗೇ ಹೋದೆ. ಬಣ್ಣದ ಫೋಟೋದಲ್ಲಿ ತಾಯಿಯ ಸೀರೆ ಕೆನೆ ಬಣ್ಣ, ಸೆರಗು ಕಾಫಿ ಬಣ್ಣ. ಅದನ್ನು ತೋರಿಸಿದೆ.

"ಇದು ನಮ್ಮವ್ವನ ಸೀರಿ ಅಲ್ಲಪ್ಪಾ," ಎಂದರು ಅವರು. "ಅಕಿ ಉಡ್ತಿದ್ದದ್ದು ಇಳಕಲ್ ಸೀರಿ. ಮೈ ತಿಳಿ ನೀಲಿ, ಸೆರಗು ಕೆಂಪು. ಇಳಕಲ್ ಸೆರಗು ಕೆಂಪ ಇರತೈತಿ, ಕಾಫಿ ಬಣ್ಣ ಎಲ್ಲಿಂದ ಬರಬೇಕು?" ಒಳಗಿನಿಂದ ಒಂದು ಹಳೆಯ ಕೌದಿ ತರಿಸಿದರು. ತಾಯಿಯ ಸೀರೆಗಳನ್ನು ಹರಿದು ಹೊಲಿದದ್ದು. ಅದರ ಒಂದು ಮಗ್ಗುಲಲ್ಲಿ ಆ ಸೀರೆಯ ತುಂಡಿತ್ತು. ಸೆರಗಿನ ಕೆಂಪು ಮಾಸಿತ್ತು, ಆದರೂ ಕೆಂಪೇ. ಬಿಳಿ ತೆನೆಯ ಸಾಲು ಇನ್ನೂ ಎದ್ದು ಕಾಣುತ್ತಿತ್ತು.

ಫೋಟೋದಲ್ಲಿ ಸೆರಗು ಏಕೆ ಕಪ್ಪಗಿದೆ, ಮೈ ಏಕೆ ಬೆಳ್ಳಗಿದೆ? ಆ ಕಾಲದ ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಬಳಸುತ್ತಿದ್ದದ್ದು ಆರ್ಥೋ ಪ್ಲೇಟು. ಅದಕ್ಕೆ ನೀಲಿ, ಹಸಿರು ಬೆಳಕು ತಾಗುತ್ತದೆ, ಕೆಂಪು ತಾಗುವುದಿಲ್ಲ. ಕೆಂಪು ದೀಪದ ಕೆಳಗೆ ಅದನ್ನು ಡೆವಲಪ್ ಮಾಡಬಹುದಿತ್ತು, ಆ ಅನುಕೂಲಕ್ಕೆ ಸ್ಟುಡಿಯೋದವರಿಗೆ ಅದು ಇಷ್ಟ. ಇಂಥ ಪ್ಲೇಟಿನಲ್ಲಿ ಕೆಂಪು ಕಪ್ಪಾಗುತ್ತದೆ, ತಿಳಿ ನೀಲಿ ಹೆಚ್ಚುಕಡಿಮೆ ಬಿಳಿಯಾಗುತ್ತದೆ. ತಾಯಿಯ ಹಣೆಯ ಕುಂಕುಮ ಅಸಲು ಫೋಟೋದಲ್ಲಿ ಕಾಡಿಗೆಯಷ್ಟು ಕಪ್ಪು. ಎಲೆ ಅಡಿಕೆ ಹಾಕಿದ ತಂದೆಯ ತುಟಿಯೂ ಹಾಗೇ. ಬಣ್ಣ ಹಾಕಿದ ಆ್ಯಪಿಗೆ ಪ್ಲೇಟಿನ ಈ ಗುಣ ಗೊತ್ತಿಲ್ಲ. ಕಪ್ಪಗಿದ್ದ ಕೆಂಪಿಗೆ ಕಾಫಿ ಬಳಿಯಿತು, ಬೆಳ್ಳಗಿದ್ದ ನೀಲಿಗೆ ಕೆನೆ ಬಳಿಯಿತು. ಕುಂಕುಮವನ್ನು ಕಲೆ ಅಂದುಕೊಂಡು ಅರ್ಧ ಒರೆಸಿಯೇ ಹಾಕಿತ್ತು.

ಇದನ್ನು ಅಲ್ಲೇ ತೋರಿಸಿದೆ. ಕೌದಿಯನ್ನು ಅಂಗಳದ ನೆರಳಿನಲ್ಲಿ ಹಾಸಿ ಫೋನಿನಲ್ಲಿ ಫೋಟೋ ತೆಗೆದೆ. ಲ್ಯಾಪ್‌ಟಾಪಿನಲ್ಲಿ ತೆರೆದು GIMPನ Colors → Components → Decompose ಆರಿಸಿ, ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಬೂದು ಚಿತ್ರ ಮಾಡಿದೆ. ನೀಲಿಯದನ್ನು ಮಾತ್ರ ಇಟ್ಟುಕೊಂಡರೆ ಆರ್ಥೋ ಪ್ಲೇಟು ನೋಡಿದ್ದಕ್ಕೆ ಹತ್ತಿರ ಹತ್ತಿರ ಆಗುತ್ತದೆ. ಸೆರಗು ಕಪ್ಪಾಯಿತು. ಬಿಳಿ ತೆನೆ ಹಲ್ಲು ಬಿಟ್ಟ ಹಾಗೆ ಹೊಳೆಯಿತು. ಸೀರೆಯ ಮೈ ತೆಳ್ಳನೆಯ ಬೂದು. ರಟ್ಟಿನ ಫೋಟೋ ಪಕ್ಕಕ್ಕಿಟ್ಟೆವು. ತೆನೆಯ ಸಾಲು, ಅಂಚಿನ ಗೆರೆ, ಕಪ್ಪು ಬಿಳುಪಿನ ಹದ ಎಲ್ಲ ಹೊಂದಿತು. ಮಾಸ್ತರು ಬಹಳ ಹೊತ್ತು ಎರಡನ್ನೂ ನೋಡುತ್ತಾ ಕೂತರು.

ಈ ಹೋಲಿಕೆ ವರ್ಷವನ್ನು ಹೇಳುವುದಿಲ್ಲ. ತಾಯಿ ಆ ಸೀರೆ ಯಾವ ವರ್ಷ ಬೇಕಾದರೂ ಉಟ್ಟಿರಬಹುದು. 1938 ಅನ್ನುವುದಕ್ಕೆ ಅಕ್ಕನ ವಯಸ್ಸು ಒಂದೇ ಆಧಾರ. ಫೋಟೋ ಅಸಲು, ಬಣ್ಣ ಊಹೆ ಅನ್ನುವುದು ಮಾತ್ರ ಇದರಿಂದ ಗಟ್ಟಿಯಾಯಿತು.

ಯಾರು ಮಾಡಿದ್ದು

ಮಾಸ್ತರು ಬೆಳಗಾವಿಗೆ ಫೋನ್ ಹಚ್ಚಿದರು. ತಮ್ಮನ ಮೊಮ್ಮಗ ಎತ್ತಿಕೊಂಡ. ಅವನು ಏನೂ ಮುಚ್ಚಿಡಲಿಲ್ಲ. "ಅಜ್ಜಾ, ಎರಡೂ ನಾನೇ ಮಾಡಿದ್ದು. ಗೋಡೆ ಮ್ಯಾಲಿನ ಫೋಟೋ ಫೋನಿನಾಗ ತಗದು ಕಲರ್ ಹಾಕ್ದೆ. ಆಮ್ಯಾಲೆ ಆ ಕಲರ್ ಫೋಟೋ ಎಐಗೆ ಕೊಟ್ಟು, ಮುತ್ತಜ್ಜ ಮುತ್ತಜ್ಜಿ ಗೋಳಗುಮ್ಮಟದ ಮುಂದ ನಿಂತಂಗ, ಹಳೇ ಫೋಟೋದ ಗತೆ ಮಾಡು ಅಂತ ಬರದೆ. ಗ್ರೂಪಿನಾಗ ಹಾಕುವಾಗ ಎಐ ಅಂತ ಬರದಿದ್ದೆ," ಎಂದ.

ಅವನು ಬರೆದಿದ್ದು ನಿಜ. ಆದರೆ ಆ ಸಾಲು ಅವನ ಗ್ರೂಪಿನಲ್ಲೇ ಉಳಿಯಿತು. ಚಿತ್ರ ಮಾತ್ರ ಕೈಯಿಂದ ಕೈಗೆ ಹೋಗಿ ಮಾಸ್ತರ ಫೋನಿಗೆ ಬರುವಷ್ಟರಲ್ಲಿ ಮನೆಯ ಅತಿ ಹಳೆಯ ಫೋಟೋ ಆಗಿತ್ತು. ಫೈಲಿನೊಳಗಿನ ವಿವರವೂ ಸಹಾಯಕ್ಕೆ ಬರಲಿಲ್ಲ. ಹೀಗೆ ಕಳಿಸಿದ ಚಿತ್ರಗಳಲ್ಲಿ ವಾಟ್ಸಾಪು ಅದನ್ನು ತೆಗೆದುಹಾಕುತ್ತದೆ. ಹುಡುಗನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಅವನು ಮುತ್ತಜ್ಜನನ್ನು ನೋಡಿಲ್ಲ, ನೋಡುವ ಆಸೆ ಅವನಿಗಿತ್ತು.

ಮುಖಪುಟಕ್ಕೆ ರಟ್ಟಿನ ಫೋಟೋ ಹೋಯಿತು. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಕಾಂಟ್ಯಾಕ್ಟ್ ಪ್ರಿಂಟ್ ಆದ್ದರಿಂದ ಪುಸ್ತಕದ ಅಳತೆಗೆ ಹಿಗ್ಗಿಸಿದರೂ ಮೀಸೆಯ ಕೂದಲು ಕೂದಲಾಗಿಯೇ ಉಳಿಯಿತು. ಮುಖದ ಬಿರುಕನ್ನು ಮಾತ್ರ ಮುಚ್ಚಿದೆ, ಬೇರೇನೂ ಮುಟ್ಟಲಿಲ್ಲ. ಒಳಪುಟದಲ್ಲಿ ಅಡಿಬರಹ ಹೀಗಿದೆ: "ಸುಮಾರು 1938. ಗಾಜಿನ ಪ್ಲೇಟಿನಿಂದ ತೆಗೆದ ಪ್ರಿಂಟು. ತಾಯಿಯ ಮುಖದ ಮೇಲಿನ ಬಿರುಕನ್ನು ತಿದ್ದಲಾಗಿದೆ." 1978ರ ಕಾಪಿಯೂ ಅದರ ಇಸವಿಯ ಜೊತೆ ಒಳಗೆ ಬಂತು. ಬಣ್ಣದ್ದನ್ನು ಮನೆಯವರು ಬಿಟ್ಟರು. ಅದರ ಬದಲು ಕೌದಿಯ ಫೋಟೋ ಹಾಕಿದರು.

ಹುಡುಗಿಯ ಬಲಗೈ ಬಗ್ಗೆ ಹೇಳುವುದು ಉಳಿದಿದೆ. ಅಸಲು ಫೋಟೋದಲ್ಲಿ ಎಲ್ಲ ಚೂಪಾಗಿ ಬಂದು ಆ ಕೈ ಮಾತ್ರ ಹೊಗೆಯ ಹಾಗೆ ಅಲುಗಿದೆ. ಸ್ಟುಡಿಯೋದೊಳಗಿನ ಬೆಳಕು, ನಿಧಾನದ ಪ್ಲೇಟು, ಮಸೂರದ ಮುಚ್ಚಳ ತೆಗೆದು ಒಂದು ಎರಡು ಎಣಿಸಿ ಹಾಕುವ ಕಾಲ. ದೊಡ್ಡವರು ಉಸಿರು ಹಿಡಿದು ಕೂತರು, ಮಗು ಕೈ ಆಡಿಸಿತು. ಬಣ್ಣದ ಫೋಟೋದಲ್ಲಿ ಆ್ಯಪು ಅದನ್ನು ಅಚ್ಚುಕಟ್ಟಾಗಿ ಮುಚ್ಚಿದ ಮುಷ್ಟಿ ಮಾಡಿತ್ತು. ಗೋಳಗುಮ್ಮಟದ ಚಿತ್ರದಲ್ಲಿ ಮಗುವೇ ಇರಲಿಲ್ಲ. ಪುಸ್ತಕ ಅಚ್ಚಾದ ಮೇಲೆ ಅಕ್ಕನಿಗೆ ಒಂದು ಪ್ರತಿ ಕೊಡಲು ಹೋಗಿದ್ದೆ. ಅವರು ಮುಖಪುಟದ ಆ ಮಬ್ಬಾದ ಕೈಯ ಮೇಲೆ ಬೆರಳಿಟ್ಟರು.

"ಫೋಟೋ ತೆಗಿಯಾಂವ ಸುಮ್ನ ಕೂಡು ಅಂತ ಬೆಲ್ಲ ಕೊಟ್ಟಿದ್ನಂತ. ಬಾಯಿಗೆ ಹಾಕ್ಕೊಳ್ಳಾಕ ಹತ್ತಿದ್ದೆ ಅಂತ ಅವ್ವ ಹೇಳ್ತಿದ್ಲು," ಎಂದರು.